ಥೀಸಿಸನ್ನು ಕನ್ಸಾರ್ಟ್ ಕ್ರಮಕ್ಕೆ ತರುವಾಗ ಯಾವ ವಾಕ್ಯ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಮೇಡಂ, ನಮಸ್ಕಾರ. ಅನಸ್ತೇಶಿಯಾದಲ್ಲಿ ಪಿಜಿ ಮುಗಿಸಿದ್ದೇನೆ. ಥೀಸಿಸನ್ನು ಲೇಖನ ಮಾಡಿ ಜರ್ನಲ್‌ಗೆ ಕಳಿಸಿದ್ದೆ. ಸುಪ್ರಾಕ್ಲಾವಿಕ್ಯುಲರ್ ಬ್ಲಾಕ್ ಕೊಡುವಾಗ ಬುಪಿವಕೇನ್ ಜೊತೆ 8 ಮಿ.ಗ್ರಾಂ ಡೆಕ್ಸಾಮೆಥಸೋನ್ ಸೇರಿಸಿದರೆ ನೋವು ಎಷ್ಟು ಹೊತ್ತು ತಡೆಯುತ್ತದೆ ಅನ್ನೋದು ವಿಷಯ. 60 ಜನ, ಗುಂಪಿಗೆ 30. ಬ್ಲಾಕ್ ಫೇಲ್ ಆದ 5 ಜನರನ್ನು ಬಿಟ್ಟು, ಗುಂಪು ಬರೆದಿಟ್ಟ ಮುಂದಿನ ಕವರ್ ತೆರೆದು ಬೇರೆ 5 ಜನರನ್ನು ತೆಗೆದುಕೊಂಡೆವು. ಎಡಿಟರ್ ‘ಕನ್ಸಾರ್ಟ್ ಚೆಕ್‌ಲಿಸ್ಟ್ ಪ್ರಕಾರ ಜೋಡಿಸಿ, ಪುಟ ಸಂಖ್ಯೆ ಹಾಕಿ ಕಳಿಸಿ’ ಎಂದು ವಾಪಸ್ ಮಾಡಿದ್ದಾರೆ. ಎಲ್ಲ ಅಂಶಗಳೂ ಲೇಖನದಲ್ಲಿ ಇವೆ ಅಂತ ನನಗನ್ನಿಸುತ್ತದೆ. ಹೆಡ್ಡಿಂಗ್ ಬದಲಾಯಿಸಿದರೆ ಸಾಕಾ? ಲೇಖನ, ಥೀಸಿಸ್, ಮಾಸ್ಟರ್ ಚಾರ್ಟ್ ಮೂರನ್ನೂ ಲಗತ್ತಿಸಿದ್ದೇನೆ.

ಉತ್ತರ: ಸಾಲದು. ಮೂರನ್ನೂ ಓದಿದೆ. ಕೆಲಸ ಶ್ರದ್ಧೆಯಿಂದ ಮಾಡಿದ್ದೀರಿ, ಬೇಕಾದ ಮಾಹಿತಿ ಹೆಚ್ಚುಕಡಿಮೆ ಎಲ್ಲವೂ ನಿಮ್ಮ ಹತ್ತಿರ ಇದೆ. ಆದರೆ ಕೆಲವು ವಾಕ್ಯಗಳು ತಪ್ಪು ವಿಭಾಗದಲ್ಲಿವೆ. ಹಾಗೆ ಕೂತಿರುವುದರಿಂದಲೇ ಆ ಐದು ರೋಗಿಗಳು ಲೇಖನದಲ್ಲಿ ಎಲ್ಲೂ ಕಾಣದೆ ಹೋಗಿದ್ದಾರೆ. ಅವರನ್ನು ಸರಿಯಾದ ಜಾಗಕ್ಕೆ ತರುವುದೇ ಇಲ್ಲಿನ ದೊಡ್ಡ ಕೆಲಸ. ಉಳಿದದ್ದು ಅದರ ಹಿಂದೆಯೇ ಬರುತ್ತದೆ.

ಮೊದಲು, ಯಾವ ಚೆಕ್‌ಲಿಸ್ಟ್ ಅನ್ನೋದು ಖಚಿತವಾಗಲಿ. ಕನ್ಸಾರ್ಟ್ ಅಂದರೆ ರ‍್ಯಾಂಡಮೈಸ್ಡ್ ಟ್ರಯಲ್‌ನ ವರದಿಯಲ್ಲಿ ಏನೇನು ಇರಬೇಕು ಅನ್ನೋ ಪಟ್ಟಿ, ಅದು ಮೊದಲು ಬಂದದ್ದು 1996ರಲ್ಲಿ. ತುಂಬಾ ವರ್ಷ ಬಳಕೆಯಲ್ಲಿದ್ದದ್ದು 2010ರ ಆವೃತ್ತಿ, ಅದರಲ್ಲಿ 25 ಅಂಶಗಳು. 2025ರ ಏಪ್ರಿಲ್‌ನಲ್ಲಿ ಹೊಸದು ಬಂತು, ಅದರಲ್ಲಿ 30. ಎರಡರ ಸಂಖ್ಯೆಗಳೂ ಬೇರೆ ಬೇರೆ. ಹಳೆಯದರಲ್ಲಿ ರಿಜಿಸ್ಟ್ರೇಷನ್, ಪ್ರೊಟೊಕಾಲ್, ಹಣದ ಮೂಲ ಪಟ್ಟಿಯ ಕೊನೆಯಲ್ಲಿದ್ದವು. ಹೊಸದರಲ್ಲಿ ಅವು ಟೈಟಲ್ ಮತ್ತು ಅಬ್‌ಸ್ಟ್ರಾಕ್ಟ್ ಆದ ಕೂಡಲೇ ಬರುತ್ತವೆ. ಜರ್ನಲ್‌ನ ವೆಬ್‌ಸೈಟಿನಲ್ಲಿ ಯಾವ ಫಾರಂ ಇದೆಯೋ ಅದನ್ನೇ ಇಳಿಸಿಕೊಳ್ಳಿ. ನಾನು ಕೆಳಗೆ ಕೊಡುವ ಸಂಖ್ಯೆಗಳು 2025ರವು.

ಇನ್ನೊಂದು ತಪ್ಪು ಕಲ್ಪನೆ ಈಗಲೇ ಬಿಡಿಸಿಕೊಳ್ಳಿ. 30 ಅಂಶಗಳಿಗೆ 30 ಹೆಡ್ಡಿಂಗ್ ಹಾಕಬೇಕಿಲ್ಲ. ಪ್ರತಿಯೊಂದೂ ಪಟ್ಟಿಯ ಕ್ರಮದಲ್ಲೇ ಬರಬೇಕೆಂದು ಕನ್ಸಾರ್ಟ್ ಹಟ ಹಿಡಿಯುವುದಿಲ್ಲ. ಜರ್ನಲ್‌ನ ಶೈಲಿ ಹೇಗಿದೆಯೋ ಹಾಗೆ ಬರೆಯಬಹುದು. ಆದರೆ ಮೆಥಡ್ಸ್‌ನದು ಮೆಥಡ್ಸ್‌ನಲ್ಲಿ, ರಿಸಲ್ಟ್ಸ್‌ನದು ರಿಸಲ್ಟ್ಸ್‌ನಲ್ಲಿ ಇರಬೇಕು. ಅದರಲ್ಲಿ ಮಾತ್ರ ರಾಜಿ ಇಲ್ಲ.

ಅದನ್ನು ತೀರ್ಮಾನಿಸಲು ನಾನು ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ: ಮೊದಲ ರೋಗಿ ಬರುವ ಮುಂಚೆಯೇ ಇದನ್ನು ಬರೆಯಬಹುದಿತ್ತಾ? ಹೌದಾದರೆ ಅದು ಮೆಥಡ್ಸ್. ರೋಗಿಗಳು ಬಂದ ಮೇಲೆಯೇ ಗೊತ್ತಾಗುವಂಥದ್ದಾದರೆ ರಿಸಲ್ಟ್ಸ್. ಪಟ್ಟಿಯಲ್ಲಿ ಎಷ್ಟೋ ವಿಷಯಗಳು ಎರಡೆರಡು ಸಲ ಬರುವುದು ಇದಕ್ಕೇ. ಔಷಧ ಹೇಗೆ ಕೊಡಬೇಕೆಂದು ಯೋಜಿಸಿದಿರಿ ಅನ್ನೋದು ಅಂಶ 13, ನಿಜವಾಗಿ ಹೇಗೆ ಕೊಟ್ಟಿರಿ ಅನ್ನೋದು ಅಂಶ 24. ಅಡ್ಡ ಪರಿಣಾಮಗಳನ್ನು ಹೇಗೆ ಗಮನಿಸಲು ತೀರ್ಮಾನಿಸಿದ್ದಿರಿ ಅನ್ನೋದು 15, ಏನು ಕಂಡಿತು ಅನ್ನೋದು 27. ಎಷ್ಟು ಜನ ಬೇಕೆಂದು ಲೆಕ್ಕ ಹಾಕಿದಿರಿ ಅನ್ನೋದು 16, ಎಷ್ಟು ಜನ ಬಂದರು ಅನ್ನೋದು 22.

ಈ ನಿಯಮಕ್ಕೆ ಒಂದು ಮುಖ್ಯ ಅಪವಾದ ಅಂಶ 10. ಟ್ರಯಲ್ ಶುರುವಾದ ಮೇಲೆ ಯೋಜನೆಯಲ್ಲಿ ಏನನ್ನು ಬದಲಾಯಿಸಿದಿರಿ, ಯಾಕೆ ಅನ್ನೋದು ಅಲ್ಲಿ ಬರಬೇಕು. ನಡೆದದ್ದು ಆಮೇಲಾದರೂ ಅದರ ಜಾಗ ಮೆಥಡ್ಸ್.

ಮುಂಚೆ ಏನು ತೀರ್ಮಾನವಾಗಿತ್ತು ಅನ್ನೋದಕ್ಕೆ ನೆನಪನ್ನು ನಂಬಬೇಡಿ. ಪಿಜಿ ಶುರುವಿನಲ್ಲಿ ಕೊಟ್ಟ ಸಿನಾಪ್ಸಿಸ್ ಮತ್ತು ಟ್ರಯಲ್ ರಿಜಿಸ್ಟರ್ ಮಾಡಿದ ಸಿಟಿಆರ್‌ಐನ ದಾಖಲೆ ಎರಡನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಈಗ ಲೇಖನವನ್ನು ಪ್ರಿಂಟ್ ತೆಗೆದು, ಒಂದೊಂದು ವಾಕ್ಯದ ಪಕ್ಕದಲ್ಲೂ ಅದು ಯಾವ ಅಂಶಕ್ಕೆ ಸೇರುತ್ತದೆ ಅನ್ನೋ ಸಂಖ್ಯೆ ಬರೆಯಿರಿ. ಎರಡು ಸಂಖ್ಯೆ ಬಿದ್ದ ವಾಕ್ಯವನ್ನು ಬಹುಶಃ ಒಡೆಯಬೇಕು. ಯಾವ ವಾಕ್ಯಕ್ಕೂ ಬೀಳದ ಸಂಖ್ಯೆ ಅಂದರೆ ಆ ಮಾಹಿತಿಯೇ ಲೇಖನದಲ್ಲಿ ಇಲ್ಲ.

ನಿಮ್ಮ ಮೆಥಡ್ಸ್‌ನ ಮೊದಲ ವಾಕ್ಯವನ್ನೇ ನೋಡಿ. ಎಥಿಕ್ಸ್ ಕಮಿಟಿ ಒಪ್ಪಿಗೆ ಪಡೆದು, ನಮ್ಮ ಆಸ್ಪತ್ರೆಯಲ್ಲಿ, ಇಂಥ ತಿಂಗಳಿಂದ ಇಂಥ ತಿಂಗಳವರೆಗೆ, 18ರಿಂದ 60 ವರ್ಷದ 60 ರೋಗಿಗಳನ್ನು 30ರಂತೆ ಎರಡು ಗುಂಪಾಗಿ ವಿಂಗಡಿಸಲಾಯಿತು ಎಂದಿದ್ದೀರಿ. ಥೀಸಿಸ್‌ಗಳಲ್ಲಿ ಈ ವಾಕ್ಯ ಜಾಸ್ತಿ ಕಾಣುತ್ತೇನೆ. ಇದರಲ್ಲಿ ಆಸ್ಪತ್ರೆ ಅಂಶ 11, ವಯಸ್ಸು 12. ಎರಡೂ ಮೆಥಡ್ಸ್‌ನಲ್ಲೇ ಇರಲಿ. ರೋಗಿಗಳನ್ನು ಸೇರಿಸಿಕೊಂಡ ತಿಂಗಳುಗಳು ಅಂಶ 23, ಅವು ರಿಸಲ್ಟ್ಸ್‌ಗೆ ಹೋಗಬೇಕು. ‘60 ರೋಗಿಗಳು’ ಅನ್ನೋದು ನಡೆದ ಸಂಗತಿ, ಅದೂ ರಿಸಲ್ಟ್ಸ್‌ಗೆ. ಎಥಿಕ್ಸ್ ಒಪ್ಪಿಗೆಗೆ ಪಟ್ಟಿಯಲ್ಲಿ ಪ್ರತ್ಯೇಕ ಅಂಶ ಇಲ್ಲ. ಆದರೆ ಜರ್ನಲ್ ಅದನ್ನು ಕೇಳಿಯೇ ಕೇಳುತ್ತದೆ, ಹಾಗಾಗಿ ಮೆಥಡ್ಸ್‌ನಲ್ಲಿ ಬಿಡಿ ವಾಕ್ಯವಾಗಿ ಇಡಿ.

ಈಗ ಆ ಐದು ಜನರ ವಿಚಾರ.

ನಿಮ್ಮ ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿ ಹೀಗಿದೆ: ಒಪ್ಪಿಗೆ ಕೊಡದವರು, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರು, ಮಧುಮೇಹಿಗಳು, ಸೂಜಿ ಹಾಕುವ ಜಾಗದಲ್ಲಿ ಸೋಂಕು ಇರುವವರು, ಬ್ಲಾಕ್ ಫೇಲ್ ಆದವರು. ಮೊದಲ ನಾಲ್ಕು ಕವರ್ ತೆರೆಯುವ ಮುಂಚೆಯೇ ಗೊತ್ತಾಗುತ್ತವೆ. ಐದನೆಯದು ಗೊತ್ತಾಗುವುದು ಯಾವಾಗ? ಕವರ್ ತೆರೆದು, ಗುಂಪು ನಿರ್ಧಾರವಾಗಿ, ಔಷಧ ಕೊಟ್ಟು ಕಾದು ನೋಡಿದ ಮೇಲೆ. ಅಂದರೆ ಅದು ಯಾರನ್ನು ಸೇರಿಸಿಕೊಳ್ಳಬೇಕು ಅನ್ನೋ ನಿಯಮವೇ ಅಲ್ಲ. ಅದು ಟ್ರಯಲ್‌ನ ಒಳಗೆ ನಡೆದ ಘಟನೆ. ಅಂಶ 12ರಲ್ಲಿ ಇಟ್ಟ ಕೂಡಲೇ ಆ ಐವರು ಟ್ರಯಲ್‌ಗೆ ಬಂದೇ ಇರಲಿಲ್ಲ ಅನ್ನೋ ಹಾಗೆ ಓದಿಸಿಕೊಳ್ಳುತ್ತದೆ. ಬ್ಲಾಕ್ ಬಗ್ಗೆ ಬರೆಯುವವರು ಇದನ್ನು ಅಭ್ಯಾಸಬಲದಿಂದ ಒಬ್ಬರನ್ನು ನೋಡಿ ಒಬ್ಬರು ಹಾಕುತ್ತಾ ಬಂದಿದ್ದಾರೆ. ನೀವು ಮುಚ್ಚಿಡಲು ಹಾಕಿದಿರಿ ಅಂತ ನಾನು ಖಂಡಿತ ಅಂದುಕೊಂಡಿಲ್ಲ.

ಇದು ಯಾಕೆ ಮುಖ್ಯ? ರ‍್ಯಾಂಡಮೈಸ್ ಮಾಡಿದ ಕ್ಷಣದಲ್ಲಿ ಎರಡು ಗುಂಪುಗಳ ನಡುವೆ ಇರುವ ವ್ಯತ್ಯಾಸ ಬರೀ ಆಕಸ್ಮಿಕ. ಆಮೇಲೆ ಯಾರನ್ನಾದರೂ ತೆಗೆದರೆ ಆ ಭರವಸೆ ಸಡಿಲವಾಗುತ್ತದೆ. ನಿಮ್ಮಲ್ಲಿ ಡೆಕ್ಸಾಮೆಥಸೋನ್ ಗುಂಪಿನಲ್ಲಿ 2, ಇನ್ನೊಂದರಲ್ಲಿ 3 ಬ್ಲಾಕ್ ಫೇಲ್ ಆಗಿವೆ. ಹತ್ತಿರ ಹತ್ತಿರ ಇವೆ. ಆದರೆ ಐದೂ ಒಂದೇ ಗುಂಪಿನಲ್ಲಿ ಆಗಿದ್ದರೆ? ಆಗಲೂ ನಿಮ್ಮ ಲೇಖನ ಇದೇ ಥರ ‘30 ಮತ್ತು 30’ ಅಂತಲೇ ಹೇಳುತ್ತಿತ್ತು, ಅಲ್ವಾ? ಓದುವವರಿಗೆ ಈ ಎರಡು ಸಂದರ್ಭಗಳನ್ನು ಬೇರೆ ಮಾಡಿ ನೋಡುವ ದಾರಿಯೇ ಇಲ್ಲ. ಆ ದಾರಿ ಕೊಡುವುದು ಅಂಶ 22, ಅಂದರೆ ಫ್ಲೋ ಡಯಾಗ್ರಾಮ್.

ನಿಮ್ಮ ಥೀಸಿಸ್ ಮತ್ತು ಮಾಸ್ಟರ್ ಚಾರ್ಟ್‌ನಿಂದ ನನಗೆ ಸಿಕ್ಕ ಲೆಕ್ಕ ಇದು. ಪರಿಶೀಲಿಸಿದವರು 79. ಅದರಲ್ಲಿ 8 ಜನ ನಿಯಮಕ್ಕೆ ಹೊಂದಲಿಲ್ಲ, 6 ಜನ ಒಪ್ಪಲಿಲ್ಲ. ಉಳಿದ 65 ಜನರನ್ನು ರ‍್ಯಾಂಡಮೈಸ್ ಮಾಡಿದ್ದೀರಿ: ಡೆಕ್ಸಾಮೆಥಸೋನ್ ಗುಂಪಿಗೆ 32, ಇನ್ನೊಂದಕ್ಕೆ 33. ಬ್ಲಾಕ್ ಫೇಲ್ ಆಗಿ ಜನರಲ್ ಅನಸ್ತೇಶಿಯಾ ಕೊಟ್ಟದ್ದು 2 ಮತ್ತು 3. ವಿಶ್ಲೇಷಣೆಗೆ ಉಳಿದವರು 30 ಮತ್ತು 30. ಡಯಾಗ್ರಾಮ್‌ನಲ್ಲಿ ಈ ಸಂಖ್ಯೆಗಳೇ ಬರಬೇಕು. ನಿಮ್ಮ ಟ್ರಯಲ್‌ನ ಗಾತ್ರ 60 ಅಲ್ಲ, 65.

65 ಅನ್ನೋದು ಸರಿಯೇ ಅಂತ ಇನ್ನೊಂದು ಕಡೆಯಿಂದಲೂ ನೋಡಿದೆ. ಥೀಸಿಸ್ ಪ್ರಕಾರ ಕಂಪ್ಯೂಟರ್ ಪಟ್ಟಿಯಲ್ಲಿ 10ರ ಬ್ಲಾಕ್‌ಗಳು 7, ಕವರ್‌ಗಳು 70. ಇಲ್ಲಿ ಬ್ಲಾಕ್ ಅಂದರೆ ಇಂಜೆಕ್ಷನ್ ಅಲ್ಲ, ಎರಡೂ ಗುಂಪಿಗೆ ಐದೈದು ಬರುವ ಹಾಗೆ ಮಾಡಿದ ಪಟ್ಟಿಯ ಒಂದು ಕಂತು. ಆರು ಬ್ಲಾಕ್ ಮುಗಿದಾಗ 30–30 ಆಗಿರಬೇಕು. ಏಳನೆಯದರಿಂದ ತೆಗೆದ 5 ಕವರ್‌ಗಳಲ್ಲಿ 2 ಒಂದಕ್ಕೆ, 3 ಇನ್ನೊಂದಕ್ಕೆ ಹೋಗಿವೆ. 32–33 ಕೂಡಿಬರುತ್ತದೆ. ಅಂದರೆ ಬದಲಿಗೆ ಬಂದವರೂ ನಿಜವಾಗಿಯೇ ಕವರ್‌ನಿಂದ ಬಂದವರು. ಇದು ನಿಮ್ಮ ಪರವಾದ ಸಂಗತಿ. ಕವರ್ ಬಿಟ್ಟು, ಫೇಲ್ ಆದವರ ಗುಂಪಿಗೇ ನೇರವಾಗಿ ಬದಲಿ ಹಾಕಿದ್ದರೆ ಆ ಹೊಸಬರನ್ನು ರ‍್ಯಾಂಡಮೈಸ್ ಆದವರು ಎಂದು ಕರೆಯಲು ಆಗುತ್ತಿರಲಿಲ್ಲ. ಅವರನ್ನು ಮುಖ್ಯ ವಿಶ್ಲೇಷಣೆಯಿಂದ ಹೊರಗಿಡಬೇಕಾಗುತ್ತಿತ್ತು.

ಹಾಗಾದರೆ ಈ ಒಂದು ಸಂಗತಿ ಲೇಖನದಲ್ಲಿ ಎಲ್ಲೆಲ್ಲಿ ಬರಬೇಕು? ಎಕ್ಸ್‌ಕ್ಲೂಷನ್ ಪಟ್ಟಿಯಿಂದ ತೆಗೆಯಿರಿ. ಬ್ಲಾಕ್ ಫೇಲ್ ಅಂದರೆ ಏನು ಅನ್ನೋ ವ್ಯಾಖ್ಯೆ, ಅಂದರೆ ಔಷಧ ಕೊಟ್ಟು 30 ನಿಮಿಷವಾದರೂ ಮರಗಟ್ಟದಿದ್ದರೆ ಎಂದು ನೀವು ಪ್ರೋಫಾರ್ಮಾದಲ್ಲಿ ಬರೆದಿರುವುದು, ಮೆಥಡ್ಸ್‌ಗೆ ಬರಲಿ. ಫೇಲ್ ಆದವರನ್ನು ವಿಶ್ಲೇಷಣೆಯಿಂದ ಬಿಡುತ್ತೇವೆ ಅನ್ನೋ ನಿರ್ಧಾರ ಅಂಶ 21ಕ್ಕೆ ಸೇರುತ್ತದೆ. ಯಾರನ್ನು ಯಾವ ವಿಶ್ಲೇಷಣೆಯಲ್ಲಿ ಸೇರಿಸಿದಿರಿ ಎಂದು ಕೇಳುವ ಜಾಗ ಅದು. ಬದಲಿ ತೆಗೆದುಕೊಳ್ಳುವ ಮಾತು ಸಿನಾಪ್ಸಿಸ್‌ನಲ್ಲಿ ಇದ್ದರೆ ಅಂಶ 16ರಲ್ಲಿ ಹೇಳಿ. ಇಲ್ಲದಿದ್ದರೆ ಅದು ಮಧ್ಯದಲ್ಲಿ ಆದ ಬದಲಾವಣೆ, ಕಾರಣ ಸಮೇತ ಅಂಶ 10ರಲ್ಲಿ ಬರಬೇಕು. ಫೇಲ್ ಆದವರ ಸಂಖ್ಯೆ ಗುಂಪಿನ ಪ್ರಕಾರ ಫ್ಲೋ ಡಯಾಗ್ರಾಮ್‌ನಲ್ಲಿ ಬರಲಿ. ಬ್ಲಾಕ್ ಕೊಟ್ಟವರು ಯಾರು, ಎಷ್ಟು ಯಶಸ್ವಿಯಾದವು ಅನ್ನೋದು ಅಂಶ 24ರಲ್ಲಿ: 32ರಲ್ಲಿ 30, 33ರಲ್ಲಿ 30. ಕೊನೆಗೆ ಇದರಿಂದ ತೀರ್ಮಾನಕ್ಕೆ ಬರುವ ಮಿತಿ ಅಂಶ 30ರಲ್ಲಿ, ಡಿಸ್ಕಷನ್‌ನಲ್ಲಿ. ನಿಮ್ಮ ಉತ್ತರ ಬ್ಲಾಕ್ ಕೆಲಸ ಮಾಡಿದವರಿಗೆ ಮಾತ್ರ ಅನ್ವಯ ಎಂದು ಅಲ್ಲಿ ನೇರವಾಗಿ ಬರೆಯಿರಿ.

ಫೇಲ್ ಆದವರ ಅವಧಿಯನ್ನು ಸೊನ್ನೆ ಎಂದು ಹಿಡಿದು 65 ಜನರ ಮೇಲೂ ಒಮ್ಮೆ ಲೆಕ್ಕ ಮಾಡಿ ನೋಡಬಹುದು. ನನ್ನ ಪ್ರಕಾರ ಮಾಡುವುದೇ ಒಳ್ಳೆಯದು. ಆದರೆ ಅದು ಮೊದಲೇ ಯೋಜಿಸಿದ್ದಲ್ಲ, ಆಮೇಲೆ ಮಾಡಿದ್ದು ಎಂದು ಸ್ಪಷ್ಟವಾಗಿ ಹೇಳಿ ಅಂಶ 28ರಲ್ಲಿ ಇಡಿ.

ಮುಂದೆ, ನಿಮ್ಮ ‘ಸೀಲ್ಡ್ ಕವರ್ ವಿಧಾನದಿಂದ ರ‍್ಯಾಂಡಮೈಸ್ ಮಾಡಲಾಯಿತು, ಡಬಲ್ ಬ್ಲೈಂಡ್’ ಅನ್ನೋ ಒಂದು ಸಾಲು. ಕನ್ಸಾರ್ಟ್ ಇದನ್ನು ನಾಲ್ಕು ಅಂಶಗಳಾಗಿ ಒಡೆಯುತ್ತದೆ. ಕವರ್ ರ‍್ಯಾಂಡಮ್ ಆಗಿ ಏನನ್ನೂ ಹುಟ್ಟಿಸುವುದಿಲ್ಲ, ಮುಂಚೆಯೇ ಹುಟ್ಟಿದ ಪಟ್ಟಿಯನ್ನು ಬಚ್ಚಿಡುತ್ತದೆ ಅಷ್ಟೇ. ಪಟ್ಟಿಯನ್ನು ಯಾರು, ಹೇಗೆ ಮಾಡಿದರು, ಬ್ಲಾಕ್ ಗಾತ್ರ ಎಷ್ಟು ಅನ್ನೋದು ಅಂಶ 17. ಬಚ್ಚಿಟ್ಟದ್ದು ಹೇಗೆ ಅನ್ನೋದು 18: ಕವರ್‌ಗಳಿಗೆ ಕ್ರಮಸಂಖ್ಯೆ ಇತ್ತಾ, ಬೆಳಕಿಗೆ ಹಿಡಿದರೂ ಒಳಗಿನದು ಕಾಣದ ಕಾಗದವಾ, ಅಂಟಿಸಿತ್ತಾ? ಕಾಣದಂಥ ಕವರ್ ಆಗಿರದಿದ್ದರೆ ಹಾಗೆ ಬರೆಯಬೇಡಿ. ಇದ್ದದ್ದು ಇದ್ದ ಹಾಗೆ ಇರಲಿ. ರೋಗಿಯನ್ನು ಸೇರಿಸಿಕೊಂಡವರ ಕೈಗೆ ಆ ಪಟ್ಟಿ ಸಿಗುತ್ತಿತ್ತಾ ಅನ್ನೋದು 19. ನಿಮ್ಮಲ್ಲಿ ಪಟ್ಟಿ ಮಾಡಿದ್ದು ಸ್ಟ್ಯಾಟಿಸ್ಟಿಕ್ಸ್‌ನವರು, ಒಪ್ಪಿಗೆ ಪಡೆದದ್ದು ನೀವು, ಕವರ್ ತೆರೆದು ಔಷಧ ತುಂಬಿದ್ದು ಇನ್ನೊಬ್ಬ ಪಿಜಿ. ಇದು ಒಳ್ಳೆಯ ವ್ಯವಸ್ಥೆ. ಆದರೆ ಥೀಸಿಸ್‌ನಲ್ಲಿ ಮಾತ್ರ ಇದೆ, ಲೇಖನದಲ್ಲಿ ಬಿಟ್ಟುಹೋಗಿದೆ.

ನಾಲ್ಕನೆಯದು ಅಂಶ 20. ‘ಡಬಲ್ ಬ್ಲೈಂಡ್’ ಅಂದರೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುತ್ತಾರೆ. ಅದಕ್ಕೇ ಯಾರಿಗೆ ಗುಂಪು ಗೊತ್ತಿರಲಿಲ್ಲ ಅನ್ನೋದನ್ನು ಒಬ್ಬೊಬ್ಬರಾಗಿ ಹೇಳಿ: ರೋಗಿಗೆ, ಬ್ಲಾಕ್ ಕೊಟ್ಟವರಿಗೆ, ನೋವು ಅಳೆದವರಿಗೆ. ಹೇಗೆ ಸಾಧ್ಯವಾಯಿತು ಅನ್ನೋದೂ ಬೇಕು. ಡೆಕ್ಸಾಮೆಥಸೋನ್ 2 ಮಿ.ಲೀ. ಇತ್ತು, ಇನ್ನೊಂದು ಗುಂಪಿಗೆ ಅಷ್ಟೇ ಸಲೈನ್ ಸೇರಿಸಿದ್ದೀರಿ. ಹೀಗಾಗಿ ಸಿರಿಂಜ್‌ಗಳು ಒಂದೇ ಥರ ಕಾಣುತ್ತಿದ್ದವು ಅನ್ನೋದನ್ನು ಬಿಡಬೇಡಿ.

ಔಟ್‌ಕಮ್‌ಗೆ ಬರೋಣ. ನೋವು ತಡೆದ ಅವಧಿ ಅಂದರೆ ಏನು ಅನ್ನೋ ವ್ಯಾಖ್ಯೆ ನಿಮ್ಮ ರಿಸಲ್ಟ್ಸ್‌ನ ಟೇಬಲ್ ಕೆಳಗೆ ಸಣ್ಣ ಅಕ್ಷರದಲ್ಲಿದೆ. ಇಂಜೆಕ್ಷನ್ ಮುಗಿದ ಕ್ಷಣದಿಂದ ನೋವಿನ ಅಂಕ 4 ಮುಟ್ಟಿ ಮೊದಲ ಬಾರಿ ಔಷಧ ಕೊಡುವ ತನಕ ಅಂತ. ಇದು ಮುಂಚೆಯೇ ಬರೆಯಬಹುದಾಗಿದ್ದ ಮಾತು. ಅಂಶ 14, ಮೆಥಡ್ಸ್. ಇದೇ ಪ್ರೈಮರಿ ಔಟ್‌ಕಮ್ ಅಂತ ಸಿಟಿಆರ್‌ಐನಲ್ಲೂ ಇದೆಯಾ ಅಂತ ಒಮ್ಮೆ ತೆರೆದು ನೋಡಿ. ರಿವ್ಯೂ ಮಾಡುವವರು ಅದನ್ನು ತೆರೆದು ಹೋಲಿಸುತ್ತಾರೆ. ಬೇರೆ ಇದ್ದರೆ ಅಂಶ 10ರಲ್ಲಿ ಕಾರಣ ಕೊಡಬೇಕು. ಗುಂಪಿಗೆ 28 ಜನ ಬೇಕೆಂದು ಬಂದ ಲೆಕ್ಕವೂ ಇದೇ ಔಟ್‌ಕಮ್‌ನದಾಗಿರಬೇಕು. ಎಷ್ಟು ನಿಮಿಷದ ವ್ಯತ್ಯಾಸ, ಎಷ್ಟು ಸ್ಟ್ಯಾಂಡರ್ಡ್ ಡೀವಿಯೇಷನ್, ಎಷ್ಟು ಪವರ್ ಎಂದು ಹಿಡಿದಿರಿ ಅನ್ನೋದು ಇಲ್ಲದೆ ಬರೀ 28 ಅಂದರೆ ಅಂಶ 16 ಪೂರ್ತಿಯಾಗುವುದಿಲ್ಲ.

ರಿಸಲ್ಟ್ಸ್‌ನಲ್ಲಿ ಎರಡು ತಿದ್ದುಪಡಿ ಸಾಕು. ಒಂದು, ವಯಸ್ಸು, ತೂಕದ ಟೇಬಲ್‌ನಿಂದ ಪಿ ವ್ಯಾಲ್ಯೂ ಕಾಲಂ ತೆಗೆದುಹಾಕಿ. ಆ ಪರೀಕ್ಷೆ ಕೇಳುವುದು ವ್ಯತ್ಯಾಸ ಆಕಸ್ಮಿಕವೇ ಅಂತ. ಸರಿಯಾಗಿ ರ‍್ಯಾಂಡಮೈಸ್ ಮಾಡಿದ ಮೇಲೆ ಅದು ಆಕಸ್ಮಿಕ ಅಂತ ಮೊದಲೇ ಗೊತ್ತಿದೆ. ಎರಡು, ಮುಖ್ಯ ಫಲಿತಾಂಶವನ್ನು ‘ಪಿ 0.001ಕ್ಕಿಂತ ಕಡಿಮೆ’ ಅಂತ ಮುಗಿಸಬೇಡಿ. ನಿಮ್ಮ ಸರಾಸರಿಗಳು 820 ಮತ್ತು 540 ನಿಮಿಷ, ಡೀವಿಯೇಷನ್ 130 ಮತ್ತು 120. ವ್ಯತ್ಯಾಸ 280 ನಿಮಿಷ, 95% ವಿಶ್ವಾಸದ ಅಂತರ ಸುಮಾರು 215ರಿಂದ 345. ಅಂಶ 26 ಕೇಳುವುದು ಇದನ್ನು. ಓದುವ ಡಾಕ್ಟರಿಗೂ ಬೇಕಾದದ್ದು ಇದೇ.

ಇನ್ನು ನನ್ನನ್ನು ತಡೆದು ನಿಲ್ಲಿಸಿದ ಜಾಗ. ರಿಸಲ್ಟ್ಸ್‌ನಲ್ಲಿ ‘ಯಾವ ತೊಂದರೆಯೂ ಕಂಡುಬರಲಿಲ್ಲ’ ಎಂದಿದ್ದೀರಿ. ಡಿಸ್ಕಷನ್‌ನ ಮೂರನೇ ಪ್ಯಾರಾದಲ್ಲಿ ‘ನಮ್ಮಲ್ಲಿ ಇಬ್ಬರಿಗೆ ಹಾರ್ನರ್ಸ್ ಸಿಂಡ್ರೋಮ್ ಬಂದಿತ್ತು, ತಾನಾಗಿಯೇ ಕಡಿಮೆಯಾಯಿತು’ ಅಂತಿದೆ. ಹೊಸ ಸಂಗತಿ ಡಿಸ್ಕಷನ್‌ನಲ್ಲಿ ಮೊದಲ ಸಲ ಕಾಣಿಸಿಕೊಳ್ಳಬಾರದು. ಇಬ್ಬರೂ ಯಾವ ಗುಂಪಿನವರು ಅಂತ ಮಾಸ್ಟರ್ ಚಾರ್ಟ್ ನೋಡಿ ಅಂಶ 27ಕ್ಕೆ ತನ್ನಿ. ಇಲ್ಲಿ ಛೇದ 30 ಅಲ್ಲ, 32 ಮತ್ತು 33. ಬ್ಲಾಕ್ ಫೇಲ್ ಆದವರ ಮೈಗೂ ಸೂಜಿ ಮತ್ತು ಔಷಧ ಹೋಗಿದೆ. ತೊಂದರೆಯ ಲೆಕ್ಕದಲ್ಲಿ ಅವರು ಇರಲೇಬೇಕು. ಯಾವ ಯಾವ ತೊಂದರೆಗಳನ್ನು, ಎಷ್ಟು ಗಂಟೆಯವರೆಗೆ, ಯಾರು ನೋಡುತ್ತಿದ್ದರು ಅನ್ನೋದನ್ನು ಅಂಶ 15 ಎಂದು ಮೆಥಡ್ಸ್‌ಗೆ ಸೇರಿಸಿ. ಹುಡುಕಿದ್ದು ಏನು ಅಂತ ಹೇಳದೆ ‘ಇರಲಿಲ್ಲ’ ಅಂದರೆ ಅದಕ್ಕೆ ತೂಕ ಬರುವುದಿಲ್ಲ.

ಉಳಿದವು ಬೇಗ ಮುಗಿಯುತ್ತವೆ. ಟೈಟಲ್‌ನಲ್ಲಿ ‘ರ‍್ಯಾಂಡಮೈಸ್ಡ್’ ಇರಲಿ. ಸಿಟಿಆರ್‌ಐ ಸಂಖ್ಯೆ ಮತ್ತು ರಿಜಿಸ್ಟರ್ ಆದ ದಿನ, ಹಣದ ಮೂಲ, ಡೇಟಾ ಸಿಗುತ್ತದಾ ಅನ್ನೋದನ್ನು ಜರ್ನಲ್ ಹೇಳಿದ ಜಾಗದಲ್ಲಿ ಹಾಕಿ. ಸಿನಾಪ್ಸಿಸ್ ಅನ್ನು ಪ್ರೊಟೊಕಾಲ್ ಆಗಿ ಲಗತ್ತಿಸಬಹುದು. ಟ್ರಯಲ್ ರೂಪಿಸುವಾಗ ರೋಗಿಗಳನ್ನು ಕೇಳಿದ್ದಿರಾ ಅನ್ನೋದು ಅಂಶ 8. ಕೇಳಿರದಿದ್ದರೆ ಖಾಲಿ ಬಿಡದೆ ‘ಇಲ್ಲ’ ಅಂತ ಒಂದು ವಾಕ್ಯ ಬರೆಯಿರಿ. ಮಧ್ಯಂತರ ವಿಶ್ಲೇಷಣೆಗೂ ಹಾಗೆಯೇ. ಥೀಸಿಸ್‌ನ ಉದ್ದದ ರಿವ್ಯೂ ಆಫ್ ಲಿಟರೇಚರ್‌ನಿಂದ ಈ ಟ್ರಯಲ್ ಯಾಕೆ ಬೇಕಾಗಿತ್ತು ಅನ್ನೋದಕ್ಕೆ ಬೇಕಾದಷ್ಟನ್ನು ಮಾತ್ರ ಅಂಶ 6ಕ್ಕೆ ಉಳಿಸಿಕೊಳ್ಳಿ.

ಅಬ್‌ಸ್ಟ್ರಾಕ್ಟ್ ಅನ್ನು ಕೊನೆಯಲ್ಲಿ ಬರೆಯಿರಿ. ಅಲ್ಲಿ ಈಗಲೂ 60 ಇದೆ. ಒಳಗೆ 65 ಮಾಡಿ ಇಲ್ಲಿ ಬಿಟ್ಟುಬಿಡುವುದು ಸುಲಭ. ‘60’ ಎಂದು ಫೈಲ್ ಪೂರ್ತಿ ಹುಡುಕಿ, ಸಿಕ್ಕಿದ್ದನ್ನು ಒಂದೊಂದಾಗಿ ನೋಡಿ. ವಯಸ್ಸಿನ 60 ಹಾಗೇ ಇರಬೇಕಲ್ಲ. ಚೆಕ್‌ಲಿಸ್ಟ್‌ನ ಪುಟ ಸಂಖ್ಯೆ ಅದಕ್ಕೂ ಆಮೇಲೆ, ಪಿಡಿಎಫ್ ಆದ ಮೇಲೆ. ಮುಂಚೆ ಹಾಕಿದರೆ ಒಂದು ಪ್ಯಾರಾ ಸರಿದರೂ ಎಲ್ಲ ತಪ್ಪುತ್ತವೆ. ಸಾಲಿನ ಸಂಖ್ಯೆಯನ್ನೂ ಕೊಟ್ಟರೆ ರಿವ್ಯೂ ಮಾಡುವವರಿಗೆ ಸುಲಭ.

ವಾಪಸ್ ಕಳಿಸುವ ಮುಂಚೆ ನಿಮ್ಮ ಗೈಡ್ ಜೊತೆ ಕೂತು 65ರ ಲೆಕ್ಕವನ್ನು ಮಾಸ್ಟರ್ ಚಾರ್ಟ್‌ನೊಂದಿಗೆ ತಾಳೆ ನೋಡಿ. ಅವರೂ ಲೇಖಕರಲ್ಲಿ ಒಬ್ಬರು. ಥೀಸಿಸ್‌ನಲ್ಲಿ 60 ಎಂದಿದ್ದದ್ದು ಇಲ್ಲಿ 65 ಆಗಿರುವುದು ಅವರಿಗೂ ಗೊತ್ತಿರಬೇಕು. ಎಡಿಟರ್‌ಗೆ ಬರೆಯುವ ಪತ್ರದಲ್ಲಿ ಆ ಬದಲಾವಣೆಯನ್ನು ಮೊದಲ ಪ್ಯಾರಾದಲ್ಲೇ ಹೇಳಿ: ರ‍್ಯಾಂಡಮೈಸ್ ಆದವರು 65, ಬ್ಲಾಕ್ ಫೇಲ್ ಆದವರು 5, ಹಿಂದಿನ ಪ್ರತಿಯಲ್ಲಿ ಅವರನ್ನು ಎಕ್ಸ್‌ಕ್ಲೂಷನ್‌ನಲ್ಲಿ ತೋರಿಸಿದ್ದೆವು, ಈಗ ಫ್ಲೋ ಡಯಾಗ್ರಾಮ್‌ನಲ್ಲಿ ಇದ್ದಾರೆ.